ಲ್ಯಾಬ್ ಕಂಪ್ಯೂಟರಲ್ಲಿ ಇ-ಸ್ಪೋರ್ಟ್ಸ್ ಕ್ಲಬ್ ನಡೆಸಬಹುದಾ? ಪ್ರಾಂಶುಪಾಲರಿಗೆ ಕೊಡುವ ಪ್ರಸ್ತಾವ, ಒಮ್ಮೆ ನೋಡಿ ಹೇಳಿ

ಲ್ಯಾಬ್_ಮೇಡಂ

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಶಿಕ್ಷಕಿ ನಾನು. 8 ಮತ್ತು 9ನೇ ತರಗತಿ ಮಕ್ಕಳಿಗೆ ಇ-ಸ್ಪೋರ್ಟ್ಸ್ ಕ್ಲಬ್ ಶುರು ಮಾಡಲು ಅನುಮತಿ ಕೇಳಿ ಪ್ರಾಂಶುಪಾಲರಿಗೆ ಪ್ರಸ್ತಾವ ಬರೆಯುತ್ತಿದ್ದೇನೆ.

ಲ್ಯಾಬಿನಲ್ಲಿ 24 ಕಂಪ್ಯೂಟರ್ ಇವೆ. ಎಲ್ಲ ಒಂದೇ ಥರದವು: ಕೋರ್ ಐ3-8100, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಪ್ರತಿ ಸಲ ರೀಸ್ಟಾರ್ಟ್ ಆದಾಗ ಯಂತ್ರವನ್ನು ಹಳೇ ಸ್ಥಿತಿಗೆ ತರುವ ತಂತ್ರಾಂಶ ಹಾಕಿದ್ದಾರೆ. ಇಂಟರ್ನೆಟ್ 50 ಎಂಬಿಪಿಎಸ್. ಯುಪಿಎಸ್ 5 ಕೆವಿಎ.

ಕರಡಿನ ಮುಖ್ಯ ಸಾಲು ಹೀಗಿದೆ: "24 ಕಂಪ್ಯೂಟರುಗಳಲ್ಲೂ ವ್ಯಾಲರಂಟ್ ಮತ್ತು ರಾಕೆಟ್ ಲೀಗ್ ಅಳವಡಿಸಿ, ವಾರಕ್ಕೆ ಮೂರು ದಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕ್ಲಬ್ ನಡೆಸಲು ಅನುಮತಿ ಕೋರುತ್ತೇನೆ." ಯಂತ್ರಗಳು ತಡೆಯುತ್ತವಾ? ಪ್ರಾಂಶುಪಾಲರು ಏನೇನು ಕೇಳಬಹುದು?

ಗೇಮರ್_ಹುಬ್ಳಿ

ಮೇಡಂ, ಆರಾಮ್ ನಡೀತೈತಿ ನೋಡ್ರಿ. ಐ3-8100 ಒಳಗ ಯುಎಚ್‌ಡಿ 630 ಗ್ರಾಫಿಕ್ಸ್ ಇರತೈತಿ. ವ್ಯಾಲರಂಟ್ ಕೇಳೋದು ಅದಕ್ಕಿಂತ ಹಳೇ ಇಂಟೆಲ್ ಎಚ್‌ಡಿ 4000, ಮತ್ತ 4 ಜಿಬಿ ರ‍್ಯಾಮ್. ಎಲ್ಲಾ ಸೆಟ್ಟಿಂಗ್ ಲೋ ಇಟ್ರ 60 ಫ್ರೇಮ್ ಬರತಾವ. ಇದೇ ಪ್ರೊಸೆಸರ್ ಹಾಕಿ ಆಡಿದ ವಿಡಿಯೊ ಬೇಕಾದಷ್ಟು ಅದಾವ. ನೀವು ಬರದದ್ದು ಕರೆಕ್ಟ್ ಐತಿ, ಹಂಗ ಕೊಟ್ಟಬಿಡ್ರಿ.

ಸ್ವಿಚ್ಚು_ಕೇಬಲ್ಲು

ಶಾಲೆ-ಕಾಲೇಜು ಲ್ಯಾಬ್ ನಿರ್ವಹಣೆ ನನ್ನ ಕೆಲಸ. ಹುಬ್ಬಳ್ಳಿಯವರು ಹೇಳಿದ ಪ್ರೊಸೆಸರ್ ಮಾತು ನಿಜ. ಆದರೆ ಆ ವಿಡಿಯೊಗಳಲ್ಲಿ ಹೆಚ್ಚಿನವರು ಎರಡು ರ‍್ಯಾಮ್ ಕಡ್ಡಿ ಹಾಕಿರುತ್ತಾರೆ. ಯುಎಚ್‌ಡಿ 630ಕ್ಕೆ ತನ್ನದೇ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಒಂದೇ ಕಡ್ಡಿ ಇದ್ದರೆ ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಒಂದೇ ದಾರಿಯಲ್ಲಿ ಓಡಾಡಬೇಕು. ಮೇಡಂ ಅವರ 4 ಜಿಬಿ ಒಂದೇ ಕಡ್ಡಿಯಾಗಿದ್ದರೆ ಆಟ ಶುರುವಾಗುತ್ತದೆ, ಆದರೆ ನಾಲ್ಕೈದು ಸೆಕೆಂಡಿಗೊಮ್ಮೆ ಚಿತ್ರ ತಡವರಿಸುತ್ತದೆ. ಅದರ ಮೇಲೆ ವಿಂಡೋಸ್, ಆಂಟಿವೈರಸ್ಸೇ ಅರ್ಧ ರ‍್ಯಾಮ್ ತಿಂದಿರುತ್ತವೆ. ಉಳಿಯದಿದ್ದರೆ ಹಾರ್ಡ್ ಡಿಸ್ಕಿಗೆ ಹೋಗಿ ಬರುತ್ತಿರುತ್ತದೆ, ಡಿಸ್ಕಿನ ದೀಪ ಆರುವುದೇ ಇಲ್ಲ. ಅದೇ ಗುರುತು.

ಪೆಟ್ಟಿಗೆ ಬಿಚ್ಚದೇ ನೋಡಬಹುದು. ಪವರ್‌ಶೆಲ್‌ನಲ್ಲಿ ಇದನ್ನು ಕೊಡಿ:

```
Get-CimInstance Win32_PhysicalMemory | Select DeviceLocator, Capacity, Speed
```

ಒಂದೇ ಸಾಲು ಬಂದರೆ ಒಂದೇ ಕಡ್ಡಿ. ಪಕ್ಕದ ಸ್ಲಾಟ್ ಖಾಲಿ ಇದ್ದರೆ ಅದೇ ವೇಗದ ಇನ್ನೊಂದು 4 ಜಿಬಿ ಡಿಡಿಆರ್4 ಹಾಕಿಸಿ. ಇದ್ದದ್ದನ್ನು ತೆಗೆದು ಒಂದೇ 8 ಜಿಬಿ ಕಡ್ಡಿ ಹಾಕಿಸಬೇಡಿ. ಅಂಗಡಿಯವರು ಸಾಮಾನ್ಯವಾಗಿ ಅದನ್ನೇ ಹೇಳುತ್ತಾರೆ, ನಿಮಗೆ ಬೇಕಾದ ಲಾಭ ಅದರಲ್ಲಿ ಸಿಗುವುದಿಲ್ಲ.

ಇನ್ನು ವ್ಯಾಲರಂಟ್ ಬೇಡ ಅನ್ನಲು ನನ್ನ ಕಾರಣ ಫ್ರೇಮ್ ಅಲ್ಲ. ಅದರ ಜೊತೆ ವ್ಯಾನ್‌ಗಾರ್ಡ್ ಅನ್ನುವ ಮೋಸ-ತಡೆ ತಂತ್ರಾಂಶ ಬರುತ್ತದೆ. ಅದು ವಿಂಡೋಸಿನ ಅತಿ ಒಳಗಿನ ಪದರದಲ್ಲಿ, ಯಂತ್ರ ಆನ್ ಆಗುವಾಗಲೇ ಶುರುವಾಗುತ್ತದೆ. ಆಟ ಆಡದ ದಿನವೂ ಇರುತ್ತದೆ. ಪರೀಕ್ಷೆಗೆ ಬಳಸುವ ಲ್ಯಾಬಿನಲ್ಲಿ ಇಂಥದ್ದನ್ನು ಹಾಕಲು ಯಾವ ಪ್ರಾಂಶುಪಾಲರೂ ಒಪ್ಪಬಾರದು ಅಂತಲೇ ನನ್ನ ಅಭಿಪ್ರಾಯ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ, ಇವತ್ತಲ್ಲ ನಾಳೆ ನೀವು 11ಕ್ಕೆ ಹೋಗಲೇಬೇಕು. 8100 ಅದಕ್ಕೆ ಅರ್ಹ. ಆದರೆ 11ರಲ್ಲಿ ವ್ಯಾನ್‌ಗಾರ್ಡ್‌ಗೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಆನ್ ಇರಬೇಕು. ಹಳೇ ಲ್ಯಾಬ್ ಯಂತ್ರಗಳಲ್ಲಿ ಇವು ಬಯೋಸ್‌ನಲ್ಲಿ ಆಫ್ ಇರುತ್ತವೆ. ಆಗ VAN9001 ಅಥವಾ VAN9003 ಅಂತ ಬಂದು ಆಟ ನಿಂತುಬಿಡುತ್ತದೆ. 24 ಯಂತ್ರಗಳ ಬಯೋಸ್ ಯಾರು ಬದಲಿಸುತ್ತಾರೆ?

ಪೋಷಕ_ತುಮಕೂರು

ಒಂದು ನಿಮಿಷ. ಆನ್‌ಲೈನ್ ಗೇಮ್‌ಗಳನ್ನೆಲ್ಲ ಸರ್ಕಾರ ನಿಷೇಧ ಮಾಡಿಲ್ಲವೇ? ಮಕ್ಕಳು ದುಡ್ಡು ಕಳ್ಕೊಂಡ ಸುದ್ದಿ ದಿನಾ ಬರ್ತಿತ್ತು. ಶಾಲೆಯಲ್ಲೇ ಇದನ್ನ ಕಲಿಸೋದಾದರೆ ಪೊಲೀಸ್ ಕೇಸ್ ಆಗಲ್ವಾ?

ನಿವೃತ್ತ_ಪ್ರಾಂಶುಪಾಲ

ತುಮಕೂರಿನವರ ಪ್ರಶ್ನೆಯನ್ನೇ ಪೋಷಕರ ಸಭೆಯಲ್ಲೂ ಯಾರಾದರೂ ಕೇಳುತ್ತಾರೆ. ಆದ್ದರಿಂದ ಉತ್ತರ ಪ್ರಸ್ತಾವದಲ್ಲೇ ಇರಲಿ. 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಕಾನೂನು ನಿಷೇಧಿಸಿರುವುದು ಹಣ ಕಟ್ಟಿ, ಹಣ ಗೆಲ್ಲುವ ಆಸೆಯಿಂದ ಆಡುವ ಆಟಗಳನ್ನು. ಇ-ಸ್ಪೋರ್ಟ್ಸನ್ನು ಅದೇ ಕಾನೂನು ಬೇರೆಯಾಗಿ ಇಟ್ಟು, ಉತ್ತೇಜಿಸಬೇಕೆಂದು ಹೇಳುತ್ತದೆ. ಅದಕ್ಕೂ ಮೊದಲು, 2022ರ ಡಿಸೆಂಬರಿನಲ್ಲೇ ಬಹುಕ್ರೀಡಾ ಕೂಟಗಳ ಭಾಗವಾಗಿ ಇ-ಸ್ಪೋರ್ಟ್ಸಿಗೆ ಮಾನ್ಯತೆ ಸಿಕ್ಕಿತು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅದು ಪದಕದ ಸ್ಪರ್ಧೆಯಾಗಿತ್ತು, ನಮ್ಮವರೂ ಆಡಿದರು.

ಆದರೆ ಮೇಡಂ, ಒಂದು ಎಚ್ಚರಿಕೆ. ಮಕ್ಕಳು ತಾವಾಗಿಯೇ "ತಲಾ 20 ರೂಪಾಯಿ ಹಾಕೋಣ, ಗೆದ್ದ ತಂಡಕ್ಕೆ" ಅನ್ನುತ್ತಾರೆ. ಕ್ರಿಕೆಟ್ಟಿನಲ್ಲೂ ಹಾಗೇ ಮಾಡುತ್ತಾರೆ, ಅವರಿಗೆ ಅದು ತಪ್ಪೆನಿಸುವುದಿಲ್ಲ. ಕಂಪ್ಯೂಟರ್ ಆಟಕ್ಕೆ ಅದು ಸೇರಿದ ಕ್ಷಣ ಪಣದ ರೂಪ ಬರುತ್ತದೆ. "ಕ್ಲಬ್ಬಿನಲ್ಲಿ ಯಾವುದೇ ರೂಪದ ಹಣ ಸಂಗ್ರಹ ಇರುವುದಿಲ್ಲ, ಬಹುಮಾನ ಪ್ರಮಾಣಪತ್ರ ಮಾತ್ರ" ಎಂಬ ಒಂದು ಸಾಲು ಬರೆಯಿರಿ.

ಇನ್ನೊಂದು. ವ್ಯಾಲರಂಟಿಗೆ ಯುರೋಪಿನ ವಯೋಮಿತಿ 16. ನಿಮ್ಮ ಮಕ್ಕಳಿಗೆ 13-14. ಗುಂಡು ಹೊಡೆಯುವ ಆಟದ ಹೆಸರು ನೋಡಿದ ಕೂಡಲೇ ಪ್ರಾಂಶುಪಾಲರು ಅರ್ಜಿ ಮಡಚಿಡುತ್ತಾರೆ, ಆ ಜಾಗದಲ್ಲಿದ್ದರೆ ನಾನೂ ಮಡಚಿಡುತ್ತಿದ್ದೆ.

ಗೇಮರ್_ಹುಬ್ಳಿ

ವಯಸ್ಸಿನ ಮಾತು ಒಪ್ಪಿದೆ ಸರ್, ನಾ ಅದನ್ನ ಯೋಚನಿ ಮಾಡಿರಲಿಲ್ಲ. ಹಂಗಾರ ರಾಕೆಟ್ ಲೀಗ್ ಇರಲಿ, ಅದರಾಗ ರಕ್ತ ಇಲ್ಲ ಏನಿಲ್ಲ, ಕಾರಿನಾಗ ಫುಟ್‌ಬಾಲ್ ಅಷ್ಟ. ಇಲ್ಲಂದ್ರ ಕೌಂಟರ್ ಸ್ಟ್ರೈಕ್ 1.6 ಪೆನ್‌ಡ್ರೈವ್‌ನಾಗ ತಂದು ಹಾಕ್ರಿ. ಇಂಟರ್ನೆಟ್ಟೂ ಬ್ಯಾಡ, ಎಂಥಾ ಯಂತ್ರದಾಗೂ ಓಡತೈತಿ.

ಸ್ವಿಚ್ಚು_ಕೇಬಲ್ಲು

ಪೆನ್‌ಡ್ರೈವ್ ಪ್ರತಿ ದಯವಿಟ್ಟು ಬೇಡ. ಊರೂರು ಸುತ್ತುವ ಆ ಪ್ರತಿಗಳಲ್ಲಿ ಬಹುಪಾಲು ಲೈಸೆನ್ಸ್ ಮುರಿದವು. ಹಾಕುವಾಗ ಆಂಟಿವೈರಸ್ ಆಫ್ ಮಾಡಿ ಅನ್ನುತ್ತವೆ. ಒಂದು ಯಂತ್ರಕ್ಕೆ ಹೊಕ್ಕದ್ದು ಹಂಚಿಕೊಂಡ ಫೋಲ್ಡರ್ ಮೂಲಕ 24ಕ್ಕೂ ಹರಡುತ್ತದೆ. ಅದೂ ಅಲ್ಲದೆ ಅದೂ ಗುಂಡಿನ ಆಟವೇ.

ರಾಕೆಟ್ ಲೀಗ್ ಮಕ್ಕಳಿಗೆ ಒಪ್ಪುವ ಆಟ, ಅದರಲ್ಲಿ ಎರಡು ಮಾತಿಲ್ಲ. ಕಷ್ಟ ಎರಡು ಕಡೆ. ಅದು ಕನಿಷ್ಠವೆಂದು ಕೇಳುವುದೇ ಜಿಟಿಎಕ್ಸ್ 760 ಕಾರ್ಡು, ಇಲ್ಲಿ ಕಾರ್ಡೇ ಇಲ್ಲ. ಎರಡನೆಯದು ಡೌನ್‌ಲೋಡ್. ಸುಮಾರು 20 ಜಿಬಿ ಅಂತಿಟ್ಟುಕೊಳ್ಳಿ. 50 ಎಂಬಿಪಿಎಸ್ ಪೂರ್ತಿ ಸಿಕ್ಕರೂ ಒಂದು ಯಂತ್ರಕ್ಕೆ 53 ನಿಮಿಷ, 24ಕ್ಕೆ 21 ಗಂಟೆ. ಅಷ್ಟೂ ಹೊತ್ತು ಕಚೇರಿಯವರು ಆನ್‌ಲೈನಿನಲ್ಲಿ ಏನೂ ಮಾಡಲಾಗುವುದಿಲ್ಲ. ಒಂದರಲ್ಲಿ ಇಳಿಸಿ ಉಳಿದವಕ್ಕೆ ಫೋಲ್ಡರ್ ನಕಲು ಮಾಡಬಹುದು, ಸರಿ. ಆದರೆ ನಿಮ್ಮ ರೀಸ್ಟಾರ್ಟ್ ತಂತ್ರಾಂಶ ನೆನಪಿದೆಯಾ? ಬುಧವಾರ ಅಪ್‌ಡೇಟ್ ಬಂತು, ಇಳಿಸಿದಿರಿ, ಆಡಿದಿರಿ, ಯಂತ್ರ ಆರಿಸಿದಿರಿ. ಗುರುವಾರ ಬೆಳಿಗ್ಗೆ ಹಳೇ ಪ್ರತಿ ವಾಪಸ್. ಮುಂದಿನ ಬುಧವಾರ ಮತ್ತೆ ಇಳಿಸಬೇಕು. ಕ್ಲಬ್ಬಿನ ಒಂದು ಗಂಟೆ ಪ್ರೋಗ್ರೆಸ್ ಬಾರ್ ನೋಡುವುದರಲ್ಲೇ ಮುಗಿಯುತ್ತದೆ.

ಆದ್ದರಿಂದ ನಿಮ್ಮ ಲ್ಯಾಬಿಗೆ ಹೊಂದುವ ಆಟಕ್ಕೆ ಮೂರು ಗುಣ ಬೇಕು: ಸ್ಥಳೀಯ ಜಾಲದಲ್ಲೇ ನಡೆಯಬೇಕು, ವಾರವಾರ ಅಪ್‌ಡೇಟ್ ಕೇಳಬಾರದು, ಮಕ್ಕಳ ಫೋನ್ ನಂಬರ್ ಕೇಳಬಾರದು. ಸೂಪರ್‌ಟಕ್ಸ್‌ಕಾರ್ಟ್ ನೋಡಿ. ಮುಕ್ತ ತಂತ್ರಾಂಶ, ಉಚಿತ, ಒಂದು ಜಿಬಿ ಆಸುಪಾಸು, 2019ರ 1.0 ಆವೃತ್ತಿಯಿಂದ ಜಾಲದಲ್ಲಿ ಆಡಬಹುದು. ರೇಸ್ ಅಲ್ಲದೆ ಎರಡು ತಂಡಗಳ ಸಾಕರ್ ಕೂಡ ಇದೆ. ಖಾತೆ ಬೇಡ, ಇಂಟರ್ನೆಟ್ ಕೇಬಲ್ ಕಿತ್ತಿಟ್ಟರೂ ನಡೆಯುತ್ತದೆ.

ಸರ್ಕಾರಿಶಾಲೆ_ಮೇಷ್ಟ್ರು

ನಮ್ಮಲ್ಲಿ ಒಂದು ಸಿಪಿಯುಗೆ ನಾಲ್ಕೈದು ಮಾನಿಟರ್, ಕೀಬೋರ್ಡ್ ಜೋಡಿಸಿ ಕೊಟ್ಟಿದ್ದಾರೆ. ಎಲ್ಲರೂ ಟೈಪ್ ಮಾಡಬಹುದು. ಈ ಕಾರ್ಟ್ ಆಟ ನಮ್ಮಲ್ಲೂ ಆಗುತ್ತಾ? ಹೊಸ ಕಂಪ್ಯೂಟರಿಗೆ ಅರ್ಜಿ ಹಾಕುವಾಗ ಇ-ಸ್ಪೋರ್ಟ್ಸ್ ಕಾರಣ ಬರೆದರೆ ಸಿಗುತ್ತಾ?

ಸ್ವಿಚ್ಚು_ಕೇಬಲ್ಲು

ಮೇಷ್ಟ್ರೇ, ಅದರಲ್ಲಿ ಆಗುವುದಿಲ್ಲ. ನಾಲ್ಕೂ ಪರದೆಯ ಚಿತ್ರ ಒಂದೇ ಪ್ರೊಸೆಸರ್ ಬಿಡಿಸಬೇಕು. ಅಕ್ಷರ ಮೂಡಿಸುವುದಕ್ಕೆ ಸಾಕು, ಓಡುವ ಚಿತ್ರಕ್ಕೆ ಸಾಲದು. ಚೆಸ್ ಆಗುತ್ತದೆ. ಅರ್ಜಿಯ ವಿಷಯ ನಿವೃತ್ತ ಸರ್ ಹೇಳಲಿ.

ನಿವೃತ್ತ_ಪ್ರಾಂಶುಪಾಲ

ಯೋಜನೆಯಡಿ ಬಂದ ಯಂತ್ರಗಳಾದರೆ ಮೊದಲು ದಾಸ್ತಾನು ವಹಿ ಮತ್ತು ವಾರಂಟಿ ಷರತ್ತು ನೋಡಿ. ಪೆಟ್ಟಿಗೆ ಬಿಚ್ಚುವಂತಿಲ್ಲ ಎಂದಿದ್ದರೆ ರ‍್ಯಾಮ್ ಸೇರಿಸುವುದೂ ಇಲ್ಲ. ಹೊಸ ಬೇಡಿಕೆಗೆ ಇ-ಸ್ಪೋರ್ಟ್ಸ್ ಕಾರಣ ಬೇಡ, ಪಠ್ಯದ ಕಾರಣವನ್ನೇ ಬರೆಯಿರಿ. ಹಾಸನದ ಮೇಡಂ, ನಿಮ್ಮಲ್ಲೂ ವಾರ್ಷಿಕ ನಿರ್ವಹಣೆ ಗುತ್ತಿಗೆ ಇದ್ದರೆ ರ‍್ಯಾಮನ್ನು ಅವರ ಕೈಯಲ್ಲೇ ಹಾಕಿಸಿ, ವಹಿಯಲ್ಲಿ ಯಂತ್ರದ ಸಂಖ್ಯೆ ಸಮೇತ ನಮೂದಿಸಿ.

ಲ್ಯಾಬ್_ಮೇಡಂ

ಎಲ್ಲರಿಗೂ ಧನ್ಯವಾದ. ಆ ಕಮಾಂಡ್ ಕೊಟ್ಟು ನೋಡಿದೆ, ಒಂದೇ ಸಾಲು ಬಂತು. ಎರಡು ಯಂತ್ರಗಳಲ್ಲಿ ಸೂಪರ್‌ಟಕ್ಸ್‌ಕಾರ್ಟ್ ಹಾಕಿದೆ. ಒಂದರಲ್ಲಿ ಲ್ಯಾನ್ ಸರ್ವರ್ ಶುರು ಮಾಡಿದೆ, ಇನ್ನೊಂದರ ಪಟ್ಟಿಯಲ್ಲಿ ಅದು ಕಾಣಲೇ ಇಲ್ಲ. ಎರಡೂ ಒಂದೇ ಸ್ವಿಚ್ಚಿನಲ್ಲಿವೆ. ಆಟ ಒಂಟಿಯಾಗಿ ಆಡಿದರೆ ಚೆನ್ನಾಗಿದೆ, ಆದರೆ ತಿರುವಿನಲ್ಲಿ ನೈಟ್ರೋ ಕೆಲವು ಸಲ ಹತ್ತುವುದಿಲ್ಲ.

ಸ್ವಿಚ್ಚು_ಕೇಬಲ್ಲು

ಮೊದಲು ಸರ್ವರಿನ ಐಪಿ ವಿಳಾಸ ಕೈಯಾರೆ ಕೊಟ್ಟು ಸೇರಲು ನೋಡಿ. ಸೇರಿತು ಅಂದರೆ ಹುಡುಕುವ ಸಂದೇಶ ಮಾತ್ರ ತಲುಪುತ್ತಿಲ್ಲ. ಅದೂ ಸೇರದಿದ್ದರೆ ಫೈರ್‌ವಾಲ್ ಪೂರ್ತಿ ತಡೆದಿದೆ. ನಿಮ್ಮದು ಫೈರ್‌ವಾಲೇ ಇರಬೇಕು: ಆಟ ಮೊದಲ ಸಲ ತೆರೆದಾಗ ವಿಂಡೋಸ್ ಅನುಮತಿ ಕೇಳುತ್ತದೆ, ವಿದ್ಯಾರ್ಥಿ ಖಾತೆಗೆ ಅನುಮತಿ ಕೊಡುವ ಅಧಿಕಾರ ಇಲ್ಲ, ಎಲ್ಲರೂ ಕ್ಯಾನ್ಸಲ್ ಒತ್ತುತ್ತಾರೆ, ಆಗ ತಡೆಯುವ ನಿಯಮವೇ ಕೂತುಬಿಡುತ್ತದೆ. ಫೈರ್‌ವಾಲ್ ಪಟ್ಟಿಯಲ್ಲಿ ಆಟದ ಹೆಸರಿನ ತಡೆ ನಿಯಮ ಇದ್ದರೆ ಅಳಿಸಿ. ಆಮೇಲೆ ಸರ್ವರ್ ಯಂತ್ರದಲ್ಲಿ ಅಡ್ಮಿನ್ ಆಗಿ ಇದನ್ನು ಕೊಡಿ:

```
New-NetFirewallRule -DisplayName "STK LAN" -Direction Inbound -Protocol UDP -LocalPort 2757,2759 -Action Allow -Profile Private
```

ನೆಟ್‌ವರ್ಕ್ ವಿಧ "Public" ಅಂತಿದ್ದರೆ "Private" ಮಾಡಿ, ಇಲ್ಲದಿದ್ದರೆ ಈ ನಿಯಮ ಲೆಕ್ಕಕ್ಕೇ ಬರುವುದಿಲ್ಲ. ಇದೆಲ್ಲವನ್ನೂ ರೀಸ್ಟಾರ್ಟ್ ತಂತ್ರಾಂಶವನ್ನು ತಾತ್ಕಾಲಿಕವಾಗಿ ತೆರೆದಿಟ್ಟು ಮಾಡಿ, ಆಮೇಲೆ ಮತ್ತೆ ಬೀಗ ಹಾಕಿ. ಎಲ್ಲ ಯಂತ್ರಗಳಲ್ಲೂ ಒಂದೇ ಆವೃತ್ತಿ ಇರಲಿ.

ನೈಟ್ರೋ ವಿಷಯ ಕೀಬೋರ್ಡಿನದು, ಯಂತ್ರದ್ದಲ್ಲ. ಅಗ್ಗದ ಕೀಬೋರ್ಡುಗಳು ಕೆಲವು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮೂರನೆಯದನ್ನು ನುಂಗುತ್ತವೆ. ಮೇಲಿನ ಬಾಣ, ಎಡ ಬಾಣ ಒತ್ತಿ ಹಿಡಿದು N ಒತ್ತಿ. ಹತ್ತದಿದ್ದರೆ ಎಡದ ಬದಲು ಬಲ ಬಾಣ ಹಿಡಿದು ನೋಡಿ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಹತ್ತದಿದ್ದರೆ ಅದೇ ಕಾಯಿಲೆ. ಆಟದ ಸೆಟ್ಟಿಂಗಿನಲ್ಲಿ ನೈಟ್ರೋವನ್ನು ಎಡಗೈ ಶಿಫ್ಟ್‌ಗೆ ಬದಲಿಸಿ ನೋಡಿ, ಬಹಳಷ್ಟು ಕೀಬೋರ್ಡುಗಳಲ್ಲಿ ಅಲ್ಲಿಗೆ ಸರಿಹೋಗುತ್ತದೆ. ಪಂದ್ಯದ ದಿನ ಸೋತ ಮಗು "ನನ್ನ ಕೀಬೋರ್ಡ್ ಸರಿ ಇರಲಿಲ್ಲ" ಅಂದರೆ ಅದು ನಿಜವೇ ಇರಬಹುದು, ಆದ್ದರಿಂದ ಮೊದಲೇ ಪರೀಕ್ಷಿಸಿ.

ವೈರಿಂಗ್_ಅಣ್ಣ

ಯುಪಿಎಸ್ ಬಗ್ಗೆ ಯಾರೂ ಮಾತಾಡ್ಲಿಲ್ಲ. ಮಳೆಗಾಲದಲ್ಲಿ ಸಂಜೆ ನಾಲ್ಕಕ್ಕೆ ಕರೆಂಟ್ ಹೋಗೋದು ಮಾಮೂಲಿ. 5 ಕೆವಿಎ ಅಂದ್ರೆ, ಪವರ್ ಫ್ಯಾಕ್ಟರ್ 0.8 ಇದ್ರೆ, 4000 ವ್ಯಾಟ್. ಟೈಪಿಂಗ್ ಮಾಡೋವಾಗ ಮಾನಿಟರ್ ಸೇರಿ ಯಂತ್ರಕ್ಕೆ 60 ವ್ಯಾಟ್ ಅಂತ ಹಿಡೀರಿ, 24ಕ್ಕೆ 1440. ಆಟ ಆಡೋವಾಗ 100 ಹಿಡೀರಿ, 2400 ಆಯ್ತು. ಯುಪಿಎಸ್ ತಡ್ಕೊಳ್ಳುತ್ತೆ, ಬ್ಯಾಟರಿ ತಡ್ಕೊಳ್ಳಲ್ಲ. ಲೋಡ್ ಜಾಸ್ತಿ ಆದಷ್ಟೂ ಲೆಡ್ ಆಸಿಡ್ ಬ್ಯಾಟರಿ ಲೆಕ್ಕಕ್ಕಿಂತ ಬೇಗ ಕೂರುತ್ತೆ. ಬ್ಯಾಟರಿ ಮೂರ್ನಾಲ್ಕು ವರ್ಷದ್ದಾದ್ರೆ ಬೀಪ್ ಅಂದ ಎರಡೇ ನಿಮಿಷಕ್ಕೆ ಎಲ್ಲಾ ಆಫ್.

ಎಂಟೇ ಯಂತ್ರ ಹಾಕಿ, ಉಳಿದ ಹದಿನಾರನ್ನ ಗೋಡೆ ಸ್ವಿಚ್ಚಲ್ಲೇ ಆರಿಸಿ. 800 ವ್ಯಾಟ್ ಅಷ್ಟೇ. ನಿಮ್ಮ ದಿನದ ಕ್ಲಾಸಿಗಿಂತ ಕಮ್ಮಿ ಕರೆಂಟು. ಇದನ್ನ ಪ್ರಾಂಶುಪಾಲರಿಗೆ ಬರೆದು ತೋರಿಸಿ.

ನಿವೃತ್ತ_ಪ್ರಾಂಶುಪಾಲ

ಇದು ಬಹಳ ಒಳ್ಳೆಯ ಮಾತು. ಎಂಟು ಯಂತ್ರ ಎಂದರೆ ಉಳಿದದ್ದೂ ಹಗುರಾಗುತ್ತದೆ: ರ‍್ಯಾಮ್ ಎಂಟೇ ಕಡ್ಡಿ, ಕ್ಲಬ್ಬಿಗೆಂದೇ ಎಂಟು ಬೇರೆ ಕೀಬೋರ್ಡ್. ಬಾಣದ ಕೀಲಿ ಸವೆದರೂ ಪರೀಕ್ಷೆಯ ಕೀಬೋರ್ಡುಗಳಿಗೆ ಏನೂ ಆಗುವುದಿಲ್ಲ. ಮೇಡಂ, ಶಾಶ್ವತ ಅನುಮತಿ ಕೇಳಬೇಡಿ. ಆರು ವಾರ ಕೇಳಿ, ಯಾವುದು ಕೆಟ್ಟರೆ ನೀವೇ ನಿಲ್ಲಿಸುತ್ತೀರಿ ಎಂಬುದನ್ನೂ ಬರೆಯಿರಿ. ನಿಲ್ಲಿಸುವ ಷರತ್ತು ಬರೆದ ಅರ್ಜಿಗೆ ಸಹಿ ಹಾಕುವುದು ಸುಲಭ.

ಚೆಸ್_ಟೀಚರ್

ಎಂಟು ಯಂತ್ರಕ್ಕೆ ಹದಿನಾರು ಮಕ್ಕಳು ಬಂದರೆ ಉಳಿದ ಎಂಟು ಮಂದಿ ಏನು ಮಾಡುತ್ತಾರೆ? ಅವರಿಗೆ ಹಳೇ ರ‍್ಯಾಮ್ ಇರುವ ಯಂತ್ರಗಳಲ್ಲಿ ಲಿಚೆಸ್ ಕೊಡಿ, ಬ್ರೌಸರ್ ಸಾಕು. 2025ರ ಇ-ಸ್ಪೋರ್ಟ್ಸ್ ವಿಶ್ವಕಪ್ಪಿನಲ್ಲಿ ಚೆಸ್ ಕೂಡ ಒಂದು ಸ್ಪರ್ಧೆಯಾಗಿತ್ತು, ಹಾಗಾಗಿ ಕ್ಲಬ್ಬಿನ ಹೆಸರಿಗೂ ಹೊಂದುತ್ತದೆ. ಮಕ್ಕಳೇ ಒಬ್ಬೊಬ್ಬರಾಗಿ ಖಾತೆ ತೆರೆಯಲು ಬಿಡಬೇಡಿ. ಶಾಲೆಯ ಒಂದೇ ವಿಳಾಸದಿಂದ ಸಾಲಾಗಿ ಖಾತೆ ತೆರೆದರೆ ತಾಣ ತಡೆಯಬಹುದು, ಮತ್ತೆ ಇಮೇಲ್ ಬೇಕಾಗುತ್ತದೆ. ಶಿಕ್ಷಕರ ಖಾತೆಯಿಂದ "Class" ತೆರೆದು ಅಲ್ಲಿಂದ ಮಕ್ಕಳ ಖಾತೆ ಮಾಡಿ, ಇಮೇಲ್ ಕೇಳುವುದಿಲ್ಲ. ಹೆಸರಿನ ಬದಲು ಯಂತ್ರದ ಸಂಖ್ಯೆಯಂಥದ್ದು ಇಡಿ. "Kid mode" ಆನ್ ಇದ್ದರೆ ಹೊರಗಿನವರು ಚಾಟ್ ಮಾಡಲಾಗುವುದಿಲ್ಲ. 18ಕ್ಕಿಂತ ಕೆಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂದು 2023ರ ದತ್ತಾಂಶ ರಕ್ಷಣೆ ಕಾನೂನು ಹೇಳುತ್ತದೆ, ಒಪ್ಪಿಗೆ ಪತ್ರದಲ್ಲಿ ತಾಣದ ಹೆಸರನ್ನೂ ಬರೆಯಿರಿ.

ಗೇಮರ್_ಹುಬ್ಳಿ

ಎಲ್ಲಾ ಖರೇ ಐತಿ, ಆದ್ರ ಒಂದು ಮಾತು ಹೇಳಲೇಬೇಕು. ಮನ್ಯಾಗ ಫೋನಿನ್ಯಾಗ ಬಿಜಿಎಂಐ ಆಡೋ ಹುಡುಗರಿಗೆ ಕಾರ್ಟು, ಚೆಸ್ಸು ಕೊಟ್ರ ಎರಡನೇ ವಾರ ಬರತಾರ? ಇದಕ್ಕ ಇ-ಸ್ಪೋರ್ಟ್ಸ್ ಅಂತ ಹೆಸರಿಟ್ರ ಅವರಿಗೆ ಮೋಸ ಮಾಡಿದಂಗ ಆಗತೈತಿ. ಕಡೀಕ ಎರಡು ಯಂತ್ರಕ್ಕ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ರಾಕೆಟ್ ಲೀಗ್ ಇಡ್ರಿ.

ಚೆಸ್_ಟೀಚರ್

ಬರದೇ ಇರುವವರು ಕೆಲವರು ಇರಬಹುದು. ಆದರೆ ಫೋನ್ ಸಿಗದ ಮಕ್ಕಳೂ ಇದ್ದಾರೆ, ಅದರಲ್ಲೂ ಹೆಣ್ಣುಮಕ್ಕಳು. ಎಲ್ಲರೂ ಹೊಸಬರಾಗಿ ಶುರು ಮಾಡುವ ಆಟ ಅವರಿಗೆ ಒಳ್ಳೆಯದು. ಹದಿನಾರರಲ್ಲಿ ಎಂಟು ಜಾಗ ಹುಡುಗಿಯರಿಗೆ ಮೊದಲೇ ಎತ್ತಿಡಿ ಮೇಡಂ.

ಸ್ವಿಚ್ಚು_ಕೇಬಲ್ಲು

ಎರಡು ಕಾರ್ಡಿನ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಆದರೆ ಬ್ರ್ಯಾಂಡ್ ಡೆಸ್ಕ್‌ಟಾಪಿನ ಸಣ್ಣ ಪೆಟ್ಟಿಗೆಗೆ ಅರ್ಧ ಎತ್ತರದ ಕಾರ್ಡೇ ಬೇಕು. ಒಳಗಿನ ಪವರ್ ಸಪ್ಲೈಯಲ್ಲಿ ಕಾರ್ಡಿಗೆ ಬೇರೆ ತಂತಿ ಇರುವುದಿಲ್ಲ, ಆದ್ದರಿಂದ ಸ್ಲಾಟಿನಿಂದಲೇ ಕರೆಂಟ್ ಪಡೆಯುವ 75 ವ್ಯಾಟ್ ಒಳಗಿನದೇ ಆಗಬೇಕು. ಆರು ವಾರ ಮುಗಿದ ಮೇಲೆ ಯೋಚಿಸಿ.

ಲ್ಯಾಬ್_ಮೇಡಂ

ನೀವು ಹೇಳಿದ ಹಾಗೆ ಫೈರ್‌ವಾಲ್ ತಡೆ ನಿಯಮ ಇತ್ತು. ಅಳಿಸಿ, ಹೊಸದು ಹಾಕಿದ ಮೇಲೆ ಸರ್ವರ್ ಕಾಣಿಸಿತು. ಶಿಫ್ಟ್‌ಗೆ ಬದಲಿಸಿದ ಮೇಲೆ ನೈಟ್ರೋ ಕೂಡ ಹತ್ತುತ್ತಿದೆ. ಕರಡನ್ನು ಹೀಗೆ ತಿದ್ದಿದ್ದೇನೆ:

"ಮಾನ್ಯ ಪ್ರಾಂಶುಪಾಲರೇ, ಲ್ಯಾಬಿನ 1ರಿಂದ 8ನೇ ಸಂಖ್ಯೆಯ ಯಂತ್ರಗಳಲ್ಲಿ ಸೂಪರ್‌ಟಕ್ಸ್‌ಕಾರ್ಟ್ ಮತ್ತು 9ರಿಂದ 16ರವರೆಗಿನ ಯಂತ್ರಗಳಲ್ಲಿ ಲಿಚೆಸ್ ಬಳಸಿ, 8 ಮತ್ತು 9ನೇ ತರಗತಿಯ 16 ವಿದ್ಯಾರ್ಥಿಗಳಿಗೆ (8 ಜಾಗ ಹೆಣ್ಣುಮಕ್ಕಳಿಗೆ) ಆರು ವಾರ, ಬುಧವಾರ ಮತ್ತು ಶುಕ್ರವಾರ ಸಂಜೆ 4ರಿಂದ 5ರವರೆಗೆ ಪ್ರಾಯೋಗಿಕವಾಗಿ ಕ್ಲಬ್ ನಡೆಸಲು ಅನುಮತಿ ಕೋರುತ್ತೇನೆ. ಅರ್ಧ ಗಂಟೆಗೆ ಗುಂಪು ಅದಲು ಬದಲು. ಖರೀದಿ: 4 ಜಿಬಿ ಡಿಡಿಆರ್4 ರ‍್ಯಾಮ್ 8, ತಂತಿಯ ಕೀಬೋರ್ಡ್ 8. ವಿದ್ಯಾರ್ಥಿಗಳಿಗೆ ಅಡ್ಮಿನ್ ಗುಪ್ತಪದ ಕೊಡುವುದಿಲ್ಲ. ಹಣ ಸಂಗ್ರಹ ಇಲ್ಲ. ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಸೇರಿಸುವುದಿಲ್ಲ. ಮರುದಿನದ ತರಗತಿಗೆ ಯಾವುದೇ ಯಂತ್ರ ಸಿದ್ಧವಿಲ್ಲದಂತಾದ ಘಟನೆ ಎರಡು ಸಲ ನಡೆದರೆ ಕ್ಲಬ್ ನಿಲ್ಲಿಸುತ್ತೇನೆ."

16 ಯಂತ್ರ ಆದ್ದರಿಂದ ವೈರಿಂಗ್ ಅಣ್ಣನ ಲೆಕ್ಕದಲ್ಲಿ 800 ಮತ್ತು 480, ಒಟ್ಟು 1280 ವ್ಯಾಟ್. ಈಗಲೂ ತರಗತಿಯ 1440ಕ್ಕಿಂತ ಕಡಿಮೆಯೇ. ಅದನ್ನೂ ಸೇರಿಸುತ್ತೇನೆ. ಉಳಿದದ್ದು ಒಂದೇ ಪ್ರಶ್ನೆ: ಶೀರ್ಷಿಕೆಯಲ್ಲಿ "ಇ-ಸ್ಪೋರ್ಟ್ಸ್ ಕ್ಲಬ್" ಅಂತಲೇ ಇಡಲಾ, "ಕಂಪ್ಯೂಟರ್ ಕ್ರೀಡಾ ಕ್ಲಬ್" ಅನ್ನಲಾ?

ನಿವೃತ್ತ_ಪ್ರಾಂಶುಪಾಲ

ಎರಡನೆಯದು. 2025ರ ಕಾನೂನಿನಲ್ಲಿ ಇ-ಸ್ಪೋರ್ಟ್ ಅನಿಸಿಕೊಳ್ಳಲು ಆಟಕ್ಕೆ ಮಾನ್ಯತೆ, ನೋಂದಣಿ ಬೇಕು. ಕಾರ್ಟ್ ಆಟಕ್ಕೆ ಆ ಹೆಸರು ಕೊಟ್ಟು ಯಾರೋ ಪ್ರಶ್ನಿಸುವುದು ಯಾಕೆ?

ಗೇಮರ್_ಹುಬ್ಳಿ

ಮೊದಲನೇದ ಇರಲಿ ಮೇಡಂ. "ಕಂಪ್ಯೂಟರ್ ಕ್ರೀಡಾ" ಅಂದ್ರ ನೋಟಿಸ್ ಬೋರ್ಡಿನಾಗ ಒಬ್ಬ ಹುಡುಗನೂ ನಿಂತು ಓದಂಗಿಲ್ಲ. ಪ್ರಾಂಶುಪಾಲರ ಪತ್ರದಾಗ ಸರ್ ಹೇಳಿದ್ದು ಬರೀರಿ, ಬೋರ್ಡಿನ ಮ್ಯಾಲ ಏನ್ ಬರೀಬೇಕಂತ ಹುಡುಗರನ್ನ ಕೇಳ್ರಿ.